ಪಿಯರಿಂಗ್ ಇದ್ರೂ ಟ್ರಾನ್ಸಿಟ್ ಯಾಕೆ ಬೇಕು

> "ಎಕ್ಸ್‌ಚೇಂಜ್‌ನಲ್ಲಿ ಪೋರ್ಟ್ ತಗೊಂಡ್ರೆ ಮೇಲಿನ ಪ್ರೊವೈಡರ್‌ಗೆ ಕೊಡೋ ಟ್ರಾನ್ಸಿಟ್ ದುಡ್ಡು ಪೂರ್ತಿ ಉಳಿಯುತ್ತಾ ಸರ್?"

ಪೂರ್ತಿ ಉಳಿಯಲ್ಲ ಸರ್, ಕಮ್ಮಿ ಆಗುತ್ತೆ. ಎಕ್ಸ್‌ಚೇಂಜ್ ಅಂದ್ರೆ ಬೇರೆ ಬೇರೆ ನೆಟ್‌ವರ್ಕ್‌ನವರು ಬಂದು ಸೇರೋ ಜಾಗ, ಅಲ್ಲಿ ಒಬ್ಬರಿಗೊಬ್ಬರು ನೇರವಾಗಿ ಟ್ರಾಫಿಕ್ ಕೊಟ್ಟು ತಗೊಳ್ಳೋದೇ ಪಿಯರಿಂಗ್. ಹಾಗೆ ಪಿಯರ್ ಆದವರು ತಮ್ಮ ಮತ್ತು ತಮ್ಮ ಗಿರಾಕಿಗಳ ರೂಟ್ ಮಾತ್ರ ಕೊಡ್ತಾರೆ, ಅವರ ಇನ್ನೊಬ್ಬ ಪಿಯರ್ ಹತ್ರ ನಿಮ್ಮನ್ನ ದಾಟಿಸಲ್ಲ, ಯಾಕಂದ್ರೆ ಆ ಕೆಲಸಕ್ಕೆ ಅವರಿಗೆ ಯಾರೂ ದುಡ್ಡು ಕೊಡ್ತಿಲ್ಲ. ಟ್ರಾನ್ಸಿಟ್ ಅಂದ್ರೆ ಇಡೀ ಇಂಟರ್ನೆಟ್‌ಗೆ ದಾರಿ, ಅದನ್ನ ದುಡ್ಡು ಕೊಟ್ಟೇ ತಗೋಬೇಕು.

ನಿಮ್ಮ ಪೀಕ್ ಟ್ರಾಫಿಕ್ 10 ಗಿಗಾಬಿಟ್ ಅಂದ್ಕೊಳ್ಳಿ. ಅದ್ರಲ್ಲಿ 6 ಪಿಯರ್‌ಗಳ ಕಡೆ ಹೋದ್ರೆ ಟ್ರಾನ್ಸಿಟ್ ಬಿಲ್ 4ಕ್ಕೆ ಇಳಿಯುತ್ತೆ, ಆದ್ರೆ ಪೋರ್ಟ್ ಬಾಡಿಗೆ, ಅಲ್ಲಿವರೆಗಿನ ಲಿಂಕ್ ಖರ್ಚು ಕಳೆದು ನೋಡಿ. ಪೋರ್ಟ್ ಕೆಟ್ಟಾಗ ಆ 6 ಕೂಡ ಟ್ರಾನ್ಸಿಟ್ ಮೇಲೇ ಬೀಳುತ್ತೆ, ಜಾಗ ಇಟ್ಕೊಂಡಿರಿ.

ಟಯರ್ 1 ಅಂದ್ರೆ ಟ್ರಾನ್ಸಿಟ್ ಕೊಳ್ಳದೇ ಬರೀ ಪಿಯರಿಂಗ್‌ನಿಂದಲೇ ಎಲ್ಲಾ ಕಡೆ ತಲುಪೋರು. ಟಯರ್ 2 ಎರಡೂ ಮಾಡ್ತಾರೆ. ಟಯರ್ 3 ಹೆಚ್ಚಾಗಿ ಕೊಂಡೇ ಬದುಕೋರು. ದೊಡ್ಡವರಲ್ಲೂ ಪಿಯರಿಂಗ್ ಇಲ್ದಿದ್ರೆ ಏನಾಗುತ್ತೆ ಅನ್ನೋಕೆ ಕೋಜೆಂಟ್, ಹರಿಕೇನ್ ಎಲೆಕ್ಟ್ರಿಕ್ ಅನ್ನೋ ಎರಡು ದೊಡ್ಡ ಪ್ರೊವೈಡರ್‌ಗಳನ್ನ ನೋಡಿ: ಹೊಸ ತಲೆಮಾರಿನ ಇಂಟರ್ನೆಟ್ ಅಡ್ರೆಸ್ ಪದ್ಧತಿ ಐಪಿವಿ6ಗೆ ಪಿಯರ್ ಆಗಿ ಅಂತ 2009ರಲ್ಲಿ ಹರಿಕೇನ್‌ನವರು ಕೇಕ್ ಮೇಲೆ ಬರೆಸಿ ಕೇಳಿದ್ರು, ಕೋಜೆಂಟ್ ಒಪ್ಪಲಿಲ್ಲ. ಹಾಗಾಗಿ ಒಬ್ಬರ ಹತ್ರ ಮಾತ್ರ ಐಪಿವಿ6 ತಗೊಂಡೋರಿಗೆ ಇನ್ನೊಬ್ಬರ ಕಡೆಯ ಸೈಟ್ ಸಿಗ್ತಿರ್ಲಿಲ್ಲ.

ಒಂದು ಮಾತ್ರ ಮರೀಬೇಡಿ, ಟ್ರಾನ್ಸಿಟ್‌ನಿಂದ ಬಂದ ರೂಟ್‌ನ ಪಿಯರ್‌ಗೆ ಹೇಳ್ಬಾರ್ದು. ಫಿಲ್ಟರ್ ತಪ್ಪಿ ನಿಮ್ಮ ಹತ್ತಾರು ಪ್ರಿಫಿಕ್ಸ್, ಅಂದ್ರೆ ಅಡ್ರೆಸ್ ಗುಂಪುಗಳ ಬದಲು ಲಕ್ಷಗಟ್ಟಲೆ ಹೋದ್ರೆ, ಇಷ್ಟೇ ತಗೋತೀವಿ ಅಂತ ಆ ಕಡೆಯವರು ಇಟ್ಟ ಮ್ಯಾಕ್ಸ್-ಪ್ರಿಫಿಕ್ಸ್ ಮಿತಿ ದಾಟಿ ಪಿಯರಿಂಗ್ ಸೆಷನ್ ತಕ್ಷಣ ಬಿದ್ದೋಗುತ್ತೆ, ಮಿತಿ ಇಡದವರ ಟ್ರಾಫಿಕ್ ನಿಮ್ಮ ಸಣ್ಣ ಲಿಂಕ್‌ಗೆ ನುಗ್ಗುತ್ತೆ.