ಡಾಕ್ಟರು ಹೇಳಿ ಬರೆಸಿದ ಪತ್ರ: ಸಹಿಗೆ ಮುಂಚೆ

ಪ್ರಶ್ನೆ: ಹುಬ್ಬಳ್ಳಿಯ ಕಣ್ಣಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ಮೊಬೈಲಿಗೆ ಹೇಳಿ ಬರೆಸಿದ ಪತ್ರ ತಿದ್ದುತ್ತೇನೆ. ಸಹಿಗೆ ಮುಂಚೆ ಏನು ನೋಡಲಿ?

ಓದೋಕೆ ಸರಿ ಅನ್ನಿಸುವ ತಪ್ಪೇ ಕೈಕೊಡೋದು. ಬಿಪಿಯ ‘ಹೈಡ್ರಲಜೀನ್ 25 ಎಂಜಿ’ ಅಂದದ್ದು ತುರಿಕೆಯ ‘ಹೈಡ್ರಾಕ್ಸಿಜೀನ್ 25 ಎಂಜಿ’ ಆಗಿ ಬರಬಹುದು. ಎರಡೂ 25ರಲ್ಲಿ ಸಿಗುತ್ತವೆ, ಡೋಸ್ ನೋಡಿದರೆ ಗೊತ್ತಾಗೋದಿಲ್ಲ. ಪತ್ರದಲ್ಲಿ ತುರಿಕೆಯ ಮಾತೇ ಇಲ್ಲ ಅಂದರೆ ಅಲ್ಲೇ ನಿಲ್ಲಿ, ಓಪಿ ಚೀಟಿ ತೆಗೆಯಿರಿ.

ಎಡ-ಬಲವನ್ನೂ ಚೀಟಿ, ಸ್ಕ್ಯಾನ್ ಜೊತೆಗೇ ಹೋಲಿಸಿ. ಪತ್ರದ ಎರಡು ಕಡೆ ‘ಎಡ’ ಅಂತಿದ್ದರೂ ಎರಡೂ ತಪ್ಪಿರಬಹುದು, ಅಲ್ವಾ?

ಇನ್ನು OD. ಕಣ್ಣಿನವರಿಗೆ ಅದು ಬಲಗಣ್ಣು, ಉಳಿದ ಡಾಕ್ಟರಿಗೆ ದಿನಕ್ಕೊಮ್ಮೆ. ‘ಟಿಮೊಲಾಲ್ OD’ ಅಂತ ಗದಗಿನ ಫಿಸಿಷಿಯನ್‌ಗೆ ಹೋದರೆ ಅವರು ಏನಂದುಕೊಳ್ಳಬೇಕು? ಡಾಕ್ಟರನ್ನು ಕೇಳಿ, ‘ಬಲಗಣ್ಣಿಗೆ ಒಂದು ಹನಿ, ದಿನಕ್ಕೆ ಎರಡು ಸಲ’ ಅಂತ ಬಿಡಿಸಿ ಬರೆಯಿರಿ. ಸುಮ್ನೆ ಊಹಿಸಬೇಡಿ.