ಗುಲಗಂಜಿ ಸರ ಬೇಡ

"ಸಂಪಾದಕರಿಗೆ ನಮಸ್ಕಾರ. ನಮ್ಮದು ಹೊಸನಗರದ ಕಡೆಯ ಹಳ್ಳಿ. ರಜೆಗೆ ಬಂದಿರುವ ಮೊಮ್ಮಗಳು ಬೇಲಿಯಿಂದ ಗುಲಗಂಜಿ ಆರಿಸಿ ತಂದು, ನೀರಲ್ಲಿ ನೆನೆಹಾಕಿ, ಸೂಜಿಯಿಂದ ಚುಚ್ಚಿ ಸರ ಮಾಡುತ್ತಿದ್ದಾಳೆ. ಅದು ವಿಷ ಎಂದು ಸೊಸೆಗೆ ಗಾಬರಿ. ನಾನೋ ಚಿಕ್ಕವಳಿದ್ದಾಗ ಗುಲಗಂಜಿಯಲ್ಲೇ ಚೆನ್ನೆಮಣೆ ಆಡಿದವಳು. ಯಾರಿಗೂ ಏನೂ ಆಗಿದ್ದು ನೆನಪಿಲ್ಲ. ನಮ್ಮಿಬ್ಬರಲ್ಲಿ ಯಾರ ಮಾತು ಸರಿ? ಕಾಯಿ ಇಲ್ಲದ ಕಾಲದಲ್ಲಿ ಈ ಬಳ್ಳಿಯನ್ನು ಗುರುತಿಸುವುದು ಹೇಗೆ?"
— ಓದುಗರೊಬ್ಬರು, ಹೊಸನಗರ ತಾಲ್ಲೂಕು

ಅಮ್ಮಾ, ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಆ ಸೂಜಿಯನ್ನು ಮಗುವಿನ ಕೈಯಿಂದ ತೆಗೆದಿಡಿ. ಕೈಗಳನ್ನು ಸೋಪು ಹಾಕಿ ಚೆನ್ನಾಗಿ ತೊಳೆಸಿ. ನೆನೆಹಾಕಿದ ನೀರನ್ನು ದನಕರು, ನಾಯಿ, ಕೋಳಿ ಬಾಯಿ ಹಾಕದ ಕಡೆ ಗುಂಡಿ ತೆಗೆದು ಸುರಿಯಿರಿ. ಆ ಪಾತ್ರೆ ಅಡುಗೆಯದಾಗಿದ್ದರೆ ಚೆನ್ನಾಗಿ ಉಜ್ಜಿ ತೊಳೆದು ಬಿಸಿನೀರು ಕುದಿಸಿ ಚೆಲ್ಲಿ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಅನುಭವ ಸುಳ್ಳಲ್ಲ, ಸೊಸೆಯ ಗಾಬರಿಯೂ ಸುಳ್ಳಲ್ಲ. ಎರಡೂ ಹೇಗೆ ನಿಜವಾಗುತ್ತವೆ ಎಂಬುದು ಗುಲಗಂಜಿಯ ಸಿಪ್ಪೆಯಲ್ಲಿದೆ. ಬಲಿತು ಒಣಗಿದ ಬೀಜದ ಹೊರಸಿಪ್ಪೆ ಬಹಳ ಗಟ್ಟಿ. ಅದು ನೀರನ್ನು ಬೇಗ ಒಳಗೆ ಬಿಡುವುದಿಲ್ಲ, ಹೊಟ್ಟೆಯ ರಸಕ್ಕೂ ಸುಲಭವಾಗಿ ಕರಗುವುದಿಲ್ಲ. ಹೀಗಾಗಿ ಇಡೀ ಬೀಜವನ್ನು ನುಂಗಿದ ಎಷ್ಟೋ ಮಕ್ಕಳಲ್ಲಿ ಅದು ಹಾಗೇ ಮಲದಲ್ಲಿ ಹೊರಬಿದ್ದಿದೆ. ಚೆನ್ನೆಮಣೆಯ ಗುಳಿಯಿಂದ ಗುಳಿಗೆ ಹಂಚಿ ಆಡುವಾಗ ಬೀಜ ಒಡೆಯುವುದಿಲ್ಲ, ಹೊರಗಿನ ಸಿಪ್ಪೆಯನ್ನು ಮುಟ್ಟಿದರೆ ವಿಷವೇರುವುದೂ ಇಲ್ಲ. ಅಕ್ಕಸಾಲಿಗರು ತಲೆಮಾರುಗಳ ಕಾಲ ಇದನ್ನೇ ತಕ್ಕಡಿಯ ಬೊಟ್ಟಾಗಿ ಬಳಸಿ ಚಿನ್ನ ತೂಗಿದ್ದೂ ಈ ಗಟ್ಟಿತನದಿಂದಲೇ ಸಾಧ್ಯವಾಯಿತು.

ಸರ ಮಾಡುವಾಗ ನಡೆಯುವುದು ಇದಕ್ಕೆ ತದ್ವಿರುದ್ಧ. ಗಟ್ಟಿ ಬೀಜಕ್ಕೆ ಸೂಜಿ ಇಳಿಯುವುದಿಲ್ಲ, ಅದಕ್ಕೇ ಮಕ್ಕಳು ನೆನೆಹಾಕುತ್ತಾರೆ, ದೊಡ್ಡವರು ಕಾದ ಸೂಜಿ ಬಳಸುತ್ತಾರೆ. ತೂತಾದ ಕ್ಷಣವೇ ವಿಷವನ್ನು ಒಳಗೆ ಹಿಡಿದಿಟ್ಟಿದ್ದ ಗೋಡೆ ಬಿರುಕು ಬಿಟ್ಟಂತಾಯಿತು. ಆಮೇಲೆ ಆ ಮಣಿಯನ್ನು ಮಗು ಬಾಯಲ್ಲಿಟ್ಟು ಚೀಪಿದರೂ, ಅಗಿಯದೆ ನುಂಗಿದರೂ, ಸಿಪ್ಪೆಯ ರಕ್ಷಣೆ ಇಲ್ಲ. ಅಂಗಡಿಯಲ್ಲಿ ಕೊಂಡ ಸರಕ್ಕೂ ಇದೇ ಮಾತು. 2011ರಲ್ಲಿ ಇಂಗ್ಲೆಂಡಿನ ಈಡನ್ ಪ್ರಾಜೆಕ್ಟ್ ಎಂಬ ಸಸ್ಯೋದ್ಯಾನ ತನ್ನ ಅಂಗಡಿಯಲ್ಲಿ ಮಾರಿದ್ದ ಗುಲಗಂಜಿಯ ಕೈಬಳೆಗಳನ್ನು ಗ್ರಾಹಕರಿಂದ ವಾಪಸು ಕೇಳಬೇಕಾಯಿತು. ಎಳೆಯ ಕಾಯಿಯೊಳಗಿನ ಬೀಜವೂ ಅಷ್ಟೇ ಅಪಾಯದ್ದು, ಏಕೆಂದರೆ ಅದರ ಸಿಪ್ಪೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಹಸಿರು ಕಾಯಿ ಬಿಡಿಸಿ ಆಡುವ ಮಕ್ಕಳ ಮೇಲೆ ಹೆಚ್ಚು ಕಣ್ಣಿಡಿ.

ಒಳಗಿರುವ ವಿಷದ ಹೆಸರು ಅಬ್ರಿನ್. ಅದೊಂದು ಪ್ರೋಟೀನು, ಹರಳುಬೀಜದಲ್ಲಿರುವ ರಿಸಿನ್‌ನ ಹತ್ತಿರದ ಸಂಬಂಧಿ. ಅದಕ್ಕೆ ಎರಡು ಭಾಗ. ಒಂದು ಭಾಗ ನಮ್ಮ ಜೀವಕೋಶದ ಹೊರಮೈಗೆ ಅಂಟಿಕೊಂಡು ಒಳಹೋಗಲು ದಾರಿ ಮಾಡುತ್ತದೆ, ಇನ್ನೊಂದು ಒಳಸೇರಿ ಆ ಕೋಶ ತನಗೆ ಬೇಕಾದ ಪ್ರೋಟೀನು ತಯಾರಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಕೋಶ ಅಲ್ಲಿಗೇ ಸಾಯುವುದಿಲ್ಲ, ಇರುವ ಸರಕು ಮುಗಿಯುತ್ತ ಬಂದಂತೆ ಸಾಯುತ್ತದೆ. ಹೊಟ್ಟೆನೋವು, ವಾಂತಿ ಕಾಣಿಸಿಕೊಳ್ಳಲು ಕೆಲವು ಗಂಟೆಗಳು, ಒಮ್ಮೊಮ್ಮೆ ಒಂದೆರಡು ದಿನಗಳೇ ಹಿಡಿಯುವುದು ಇದರಿಂದ. ಮೊದಲು ಪೆಟ್ಟು ತಿನ್ನುವುದು ಕರುಳಿನ ಒಳಪದರ. ಆಮೇಲೆ ರಕ್ತಭೇದಿ, ಮೈಯ ನೀರು ಆರಿಹೋಗುವುದು. ಇನ್ನೂ ಮುಂದುವರಿದರೆ ಯಕೃತ್ತು, ಮೂತ್ರಪಿಂಡಗಳಿಗೆ ಹಾನಿ. ಇದಕ್ಕೆ ಪ್ರತಿವಿಷ ಇಲ್ಲ. ಸರಿಯಾಗಿ ಅಗಿದು ನುಂಗಿದರೆ ಒಂದೇ ಬೀಜ ಕೂಡ ಚಿಕ್ಕ ಮಗುವಿನ ಪ್ರಾಣಕ್ಕೆ ಅಪಾಯ ತರಬಲ್ಲದು.

ಸೂಜಿ ಬೆರಳಿಗೆ ಚುಚ್ಚಿಕೊಂಡಿದ್ದರೆ ಅದನ್ನೂ ಹಗುರವಾಗಿ ಬಿಡಬೇಡಿ, ಏಕೆಂದರೆ ಅಬ್ರಿನ್ ಹೊಟ್ಟೆಗೆ ಹೋದಾಗಿನದಕ್ಕಿಂತ ಗಾಯದ ಮೂಲಕ ಮೈ ಸೇರಿದಾಗ ಬಹಳ ಹೆಚ್ಚು ಉಗ್ರ. ಬ್ರಿಟಿಷರ ಕಾಲದಲ್ಲಿ ಉತ್ತರ ಭಾರತದ ಕಡೆ ಗುಲಗಂಜಿಯನ್ನು ಅರೆದು ಮೊನಚಾದ ಕಡ್ಡಿಯಾಗಿ ಒಣಗಿಸಿ, ಚರ್ಮದಾಸೆಗೆ ಪರರ ದನಗಳಿಗೆ ಚುಚ್ಚಿ ಕೊಲ್ಲುತ್ತಿದ್ದರು. ಆ ಕಡ್ಡಿಗೆ ಅವರಿಟ್ಟ ಹೆಸರೇ 'ಸುಯಿ', ಎಂದರೆ ಸೂಜಿ. ಇನ್ನು ಕಣ್ಣು. 1882ರಲ್ಲಿ ಪ್ಯಾರಿಸ್‌ನ ನೇತ್ರವೈದ್ಯ ಲೂಯಿ ದ ವೆಕರ್ ಟ್ರಕೋಮಾ ಎಂಬ ಕಣ್ಣಿನ ಸೋಂಕು ತಗುಲಿದವರ ಕಣ್ಣಿಗೆ ಗುಲಗಂಜಿ ನೆನೆಸಿದ ನೀರನ್ನು ಬಳಸಿ, ಬೇಕೆಂದೇ ಉರಿಯೂತ ಎಬ್ಬಿಸುವ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದರು. ಕಣ್ಣಿಗೆ ತೀವ್ರ ಹಾನಿಯಾಗುವ ಭಯದಿಂದ ಅದು ಮೂಲೆ ಸೇರಿತು. ನಿಮ್ಮ ಮನೆಯ ಬಟ್ಟಲಲ್ಲಿ ಈಗ ಇರುವುದೂ ಗುಲಗಂಜಿ ನೆನೆದ ನೀರೇ. ಆ ಕೈಯಲ್ಲಿ ಮಗು ಕಣ್ಣುಜ್ಜಿಕೊಂಡಿದ್ದರೆ ಶುದ್ಧ ನೀರಿನಿಂದ ಹದಿನೈದು ನಿಮಿಷ ಬಿಡದೆ ತೊಳೆದು ವೈದ್ಯರಿಗೆ ತೋರಿಸಿ.

ಒಂದು ಸಂದರ್ಭ ಹೇಳುತ್ತೇನೆ, ನಿಮ್ಮ ಮನೆಯಲ್ಲೇ ಆಗಬಹುದಾದದ್ದು. ಸಂಜೆ ನಾಲ್ಕಕ್ಕೆ ತಟ್ಟೆಯಲ್ಲಿದ್ದ ಮಣಿಗಳಲ್ಲಿ ಎರಡು ಕಡಿಮೆ. ಚಿಕ್ಕ ತಮ್ಮನನ್ನು ಕೇಳಿದರೆ "ತಿಂದೆ" ಎನ್ನುತ್ತಾನೆ. ಆಡಿಕೊಂಡೇ ಇದ್ದಾನೆ, ಜ್ವರವಿಲ್ಲ, ವಾಂತಿಯಿಲ್ಲ. ಇಲ್ಲೇ ಜನ ಎಡವುವುದು. ರಾತ್ರಿವರೆಗೆ ನೋಡೋಣ ಎನ್ನುತ್ತಾರೆ. ನೀವು ಹಾಗೆ ಮಾಡಬೇಡಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಬಾಯಲ್ಲಿ ಉಳಿದ ಚೂರುಗಳಿದ್ದರೆ ತೆಗೆದು ಬಾಯಿ ಮುಕ್ಕಳಿಸಿ. ಹಲ್ಲಿನ ಸಂದಿಯಲ್ಲಿ ಕೆಂಪು ಸಿಪ್ಪೆ ಇದೆಯೇ ನೋಡಿ, ಇದ್ದರೆ ಅಗಿದಿದ್ದಾನೆ ಎಂದೇ ಅರ್ಥ. ಉಳಿದ ಬೀಜಗಳಲ್ಲಿ ಒಂದೆರಡನ್ನು ಒಂದು ಡಬ್ಬಿಗೆ ಹಾಕಿಕೊಂಡು 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಅಲ್ಲಿ ಮೂರು ಮಾತು ತಪ್ಪದೆ ಹೇಳಿ: ಎಷ್ಟು ಹೊತ್ತಿಗೆ, ಎಷ್ಟು ಬೀಜ, ತೂತು ಮಾಡಿದ್ದೋ ಮಾಡದ್ದೋ. ಬೇಗ ಹೋದರೆ ವೈದ್ಯರು ಮಗುವಿನ ಸ್ಥಿತಿ ನೋಡಿ ವಿಷವನ್ನು ಹೀರಿಕೊಳ್ಳುವ ಇದ್ದಿಲ ಪುಡಿ ಕೊಡಬಹುದು. ತಡವಾದಷ್ಟು ಅದರ ಪ್ರಯೋಜನ ಕಡಿಮೆ, ಆಮೇಲೆ ಉಳಿಯುವುದು ಡ್ರಿಪ್ ಹಾಕಿ ನೀರು, ಲವಣಗಳನ್ನು ಸರಿದೂಗಿಸುತ್ತ ದೇಹ ತಾನೇ ಚೇತರಿಸಿಕೊಳ್ಳುವವರೆಗೆ ಕಾಯುವುದು. ಹೀಗೆ ಕಾದು ಉಳಿದವರು ಬಹಳ ಜನ.

ಆಯುರ್ವೇದದಲ್ಲಿ ಗುಲಗಂಜಿ ಬಳಸುತ್ತಾರಲ್ಲ ಎಂದು ನೀವು ಕೇಳಬಹುದು. ಬಳಸುತ್ತಾರೆ, ಆದರೆ ಅಲ್ಲೂ ಅದು ಉಪವಿಷಗಳ ಪಟ್ಟಿಯಲ್ಲಿದೆ. ಬಟ್ಟೆಯಲ್ಲಿ ಗಂಟು ಕಟ್ಟಿ ಹಾಲಿನಲ್ಲೋ ಗಂಜಿಯಲ್ಲೋ ತೂಗುಬಿಟ್ಟು ಗಂಟೆಗಟ್ಟಲೆ ಬೇಯಿಸಿ ಶುದ್ಧಿ ಮಾಡಿದ ಮೇಲೇ ಔಷಧಕ್ಕೆ. ಅಬ್ರಿನ್ ಪ್ರೋಟೀನಾದ್ದರಿಂದ ಕಾವಿಗೆ ಕೆಡುತ್ತದೆ. ಎಷ್ಟು ಕಾವು, ಎಷ್ಟು ಹೊತ್ತು ಎಂಬುದನ್ನು ನಮ್ಮ ಅಡುಗೆಮನೆಯಲ್ಲಿ ಅಳೆಯುವಂತಿಲ್ಲ, ಅದನ್ನು ಬಲ್ಲವರಿಗೇ ಬಿಡಬೇಕು.

ಬಳ್ಳಿಯ ಗುರುತಿಗೆ ಬರೋಣ. ದಟ್ಟ ಕಾನಿನ ಒಳಗೆ ಹುಡುಕಬೇಡಿ, ಬಿಸಿಲು ಬೀಳುವ ಅಂಚುಗಳಲ್ಲಿ ನೋಡಿ: ತೋಟದ ಬೇಲಿ, ಅಗಳದ ದಂಡೆ, ಬ್ಯಾಣದ ಪೊದೆ, ಲಂಟಾನದ ರಾಶಿ. ದಂಟು ತೆಳ್ಳಗೆ, ಮುಳ್ಳಿಲ್ಲ, ಬಳುಕುತ್ತ ಸಿಕ್ಕ ಗಿಡಕ್ಕೆ ಸುತ್ತಿಕೊಂಡು ಮೇಲೇರುತ್ತದೆ. ಬುಡದ ಹತ್ತಿರ ಮಾತ್ರ ಮರದಂತೆ ಗಟ್ಟಿ. ಎಲೆ ನೋಡಿದ ಕೂಡಲೇ ನಿಮಗೆ ಹುಣಸೆ ನೆನಪಾಗಬೇಕು: ನಡುದಂಟಿನ ಎರಡೂ ಕಡೆ ಎದುರುಬದುರಾಗಿ ಸಣ್ಣ ಎಲೆಗಳು, ಸಾಮಾನ್ಯವಾಗಿ ಎಂಟರಿಂದ ಇಪ್ಪತ್ತು ಜೋಡಿ, ಒಂದೊಂದೂ ಬೆರಳುಗುರಿನಷ್ಟು ಉದ್ದ, ತುದಿ ಗುಂಡಗೆ. ಹುಣಸೆಯಂಥ ಎಲೆ ಬಳ್ಳಿಯ ಮೇಲೆ ಕಂಡರೆ ಅಲ್ಲೇ ನಿಂತು ಎಲೆಯ ತುದಿ ನೋಡಿ. ಗುಲಗಂಜಿಯಲ್ಲಿ ಜೋಡಿಗಳು ಮುಗಿದ ಮೇಲೆ ಒಂಟಿ ಎಲೆ ಇರುವುದಿಲ್ಲ, ಒಂದು ಕಿರಿದಾದ ಮೊನೆ ಮಾತ್ರ. ಶಂಖಪುಷ್ಪದ ಬಳ್ಳಿಯಲ್ಲಿ ತುದಿಗೆ ಒಂಟಿ ಎಲೆ ಇದ್ದೇ ಇರುತ್ತದೆ, ಜೋಡಿಗಳೂ ಬೆರಳೆಣಿಕೆಯವು. ಸೀಗೆಯಲ್ಲಿ ಮುಳ್ಳಿದೆ, ಎಲೆಯ ದಂಟು ಮತ್ತೆ ಕವಲೊಡೆದಿರುತ್ತದೆ. ಕತ್ತಲಾಗುತ್ತಿದ್ದಂತೆ ಗುಲಗಂಜಿಯ ಕಿರುಎಲೆಗಳು ಜೋತುಬೀಳುತ್ತವೆ, ಅದೂ ಒಂದು ಗುರುತು. ಎಲೆ ಜಗಿದರೆ ಸಿಹಿ, ಅದು ಹಳ್ಳಿಯ ಮಕ್ಕಳಿಗೆ ಗೊತ್ತು. ಆದರೆ ರುಚಿ ನೋಡಿ ಗುರುತಿಸುವುದನ್ನು ಮಕ್ಕಳಿಗೆ ಖಂಡಿತ ಕಲಿಸಬೇಡಿ. ಎಲೆಗೆ ಹೋದ ಬಾಯಿ ಕಾಯಿಗೂ ಹೋಗುತ್ತದೆ.

ಹೂವು ಸಣ್ಣದು, ತಿಳಿನೇರಳೆ ಇಲ್ಲವೇ ಗುಲಾಬಿ ಬಣ್ಣ, ಗೊಂಚಲು ಗೊಂಚಲಾಗಿ ಬಿಡುತ್ತದೆ. ಕಾಯಿ ಗಿಡ್ಡ, ಉಬ್ಬಿದ್ದು, ತುದಿಯಲ್ಲಿ ಕೊಕ್ಕು. ಒಣಗಿದಾಗ ಸೀಳಿ ಸಿಪ್ಪೆ ಹಿಂದಕ್ಕೆ ಸುರುಳಿಯಾಗುತ್ತದೆ, ಬೀಜಗಳು ಉದುರದೆ ಅಲ್ಲೇ ಅಂಟಿಕೊಂಡಿರುತ್ತವೆ. ಮಕ್ಕಳ ಕಣ್ಣಿಗೆ ದೂರದಿಂದಲೇ ಬೀಳುವುದು ಆಗ. ಮಂಜಾಡಿ ಮರದ ಬೀಜವನ್ನೂ ಕೆಲವರು ಗುಲಗಂಜಿ ಎನ್ನುತ್ತಾರೆ. ಅದು ಇದಕ್ಕಿಂತ ದೊಡ್ಡದು, ಚಪ್ಪಟೆ, ಇಡಿಯಾಗಿ ಕೆಂಪು. ಗುಲಗಂಜಿಯಲ್ಲಿ ಕಪ್ಪು ಕಲೆ ಇದೆ, ಬೀಜ ಕಾಯಿಗೆ ಅಂಟಿಕೊಂಡಿದ್ದ ಗುರುತು ಆ ಕಪ್ಪಿನ ನಡುವೆಯೇ ಇರುತ್ತದೆ. ಬಿಳಿ ಗುಲಗಂಜಿ ಎಂಬುದೂ ಉಂಟು, ಬಣ್ಣ ಬೇರೆಯಾದರೂ ವಿಷ ಅದೇ.

ಬೇಲಿಯಿಂದ ತೆಗೆಯುವುದಾದರೆ ಕಾಯಿ ಬಿರಿಯುವ ಮೊದಲೇ ತೆಗೆಯಿರಿ. ಕೈಗವಸು ಹಾಕಿಕೊಂಡು ಬಳ್ಳಿಯನ್ನು ಮೇಲಿನಿಂದ ಎಳೆಯದೆ ಬುಡ ಹುಡುಕಿ ಬೇರುಸಹಿತ ಅಗೆಯಬೇಕು, ಬೇರು ಉಳಿದರೆ ಮತ್ತೆ ಚಿಗುರುತ್ತದೆ. ಕಾಯಿ ಆಗಲೇ ಬಿರಿದಿದ್ದರೆ ಕೆಳಗೆ ಒಂದು ಹಳೇ ಪಂಚೆ ಹಾಸಿ ಕತ್ತರಿಸಿ, ಬಿದ್ದ ಬೀಜಗಳನ್ನು ಮನೆಯವರೆಲ್ಲರ ಕಣ್ಣೆದುರಿಗೆ ಆರಿಸಿ. ಅವನ್ನು ಕುಟ್ಟಬೇಡಿ, ಅರೆಯಬೇಡಿ. ಮೊಳೆತು ಮೇಲೆ ಬರದಂತೆ ಮೊಣಕಾಲುದ್ದ ಗುಂಡಿ ತೋಡಿ ಹೂಳಿ, ಮೇಲೆ ಮಣ್ಣು ತುಳಿದು ಗಟ್ಟಿ ಮಾಡಿ. ಮೊಮ್ಮಗಳು ಪೋಣಿಸಿದ ಅರ್ಧ ಸರವೂ ಅದರ ಜೊತೆಗೇ ಹೋಗಲಿ. ಮುಂಗಾರು ಬಿದ್ದು ಬೇಲಿ ಹಸುರಾದಾಗ ಆ ಜಾಗಕ್ಕೆ ಅವಳನ್ನೇ ಕರೆದುಕೊಂಡು ಹೋಗಿ, ಹುಣಸೆಯಂಥ ಎಲೆಯ ಮೊಳಕೆ ಎದ್ದಿದೆಯೇ ಎಂದು ಅವಳಿಂದಲೇ ಹುಡುಕಿಸಿ. ಎಳೆಯದಾಗ ಕೈಯಲ್ಲಿ ಎಳೆದರೆ ಬೇರುಸಹಿತ ಬರುತ್ತದೆ.