ಯಾರೂ ಬೇಡ ಅನ್ನಲಿಲ್ಲ

ಓದುಗರ ಪತ್ರ: ನಮ್ಮದು 8 ಜನರ ತಂಡ. ಹೊಸ ಸಾಫ್ಟ್‌ವೇರ್ ಕೊಳ್ಳುವ ಬಗ್ಗೆ ಮೀಟಿಂಗ್ ಇತ್ತು. ನನಗೆ ಯಾವುದು ಸರಿ ಅನ್ನಿಸಿತ್ತೋ ಅದನ್ನು ಹೇಳಿ, ‘ಯಾರದ್ದಾದರೂ ಅಭ್ಯಂತರ ಇದೆಯಾ?’ ಅಂತ ಕೇಳಿದೆ. ಯಾರೂ ಬೇಡ ಅನ್ನಲಿಲ್ಲ. 20 ನಿಮಿಷದಲ್ಲಿ ಮುಗಿಯಿತು. ಆರು ತಿಂಗಳಿಗೆ ಅದು ಕೈಕೊಟ್ಟಿತು. ಈಗ ಮೂವರು ‘ನನಗೆ ಆಗಲೇ ಅನುಮಾನ ಇತ್ತು’ ಅನ್ನುತ್ತಿದ್ದಾರೆ. ಆಗ ಯಾಕೆ ಸುಮ್ಮನಿದ್ದರು?

ಸಂಪಾದಕರ ಉತ್ತರ: ದಯವಿಟ್ಟು ಆ ಮೂವರ ಮೇಲೆ ಸಿಟ್ಟಾಗಬೇಡಿ. ಅವರಿಗಿಂತ ಬಹಳ ದೊಡ್ಡವರೂ ಹೀಗೆಯೇ ಸುಮ್ಮನಿದ್ದಾರೆ.

1961ರ ಏಪ್ರಿಲ್‌ನಲ್ಲಿ ಅಮೆರಿಕ ಸುಮಾರು 1,400 ಕ್ಯೂಬನ್ ವಲಸಿಗರಿಗೆ ತರಬೇತಿ ಕೊಟ್ಟು ಕ್ಯೂಬಾದ ಸರ್ಕಾರವನ್ನು ಉರುಳಿಸಲು ಅಲ್ಲಿನ ಬೇ ಆಫ್ ಪಿಗ್ಸ್ ಎಂಬ ಕರಾವಳಿಯಲ್ಲಿ ಇಳಿಸಿತು. ಮೂರೇ ದಿನದಲ್ಲಿ ಎಲ್ಲ ಮುಗಿಯಿತು. 1,100ಕ್ಕೂ ಜಾಸ್ತಿ ಜನ ಸೆರೆಸಿಕ್ಕರು. ದಾಳಿ ಸೋತರೆ ಇವರೆಲ್ಲ ಎಸ್ಕಾಂಬ್ರೆ ಬೆಟ್ಟಗಳಿಗೆ ಸೇರಿಕೊಂಡು ಹೋರಾಟ ಮುಂದುವರಿಸುತ್ತಾರೆ ಅಂತ ಅಧ್ಯಕ್ಷ ಕೆನಡಿಯ ಸಲಹೆಗಾರರು ನಂಬಿದ್ದರು. ಮೊದಲು ಗೊತ್ತುಮಾಡಿದ್ದ ಟ್ರಿನಿಡಾಡ್ ಎಂಬ ಊರಿಗೆ ಆ ಬೆಟ್ಟ ಹತ್ತಿರವಿತ್ತು, ನಿಜ. ಆದರೆ ಇಳಿಯುವ ಜಾಗ ಬದಲಾಯಿತು. ಹೊಸ ಜಾಗಕ್ಕೂ ಬೆಟ್ಟಕ್ಕೂ ನಡುವೆ ಸುಮಾರು 80 ಮೈಲಿ, ಅದೂ ಜೌಗು ನೆಲ. ಜಾಗ ಬದಲಾದರೂ ನಂಬಿಕೆ ಮಾತ್ರ ಹಾಗೇ ಉಳಿಯಿತು. ಒಂದು ನಕ್ಷೆ ಬಿಡಿಸಿ ನೋಡಿದ್ದರೆ ಸಾಕಿತ್ತು.

ಅನುಮಾನ ಇದ್ದವರು ಆ ಕೋಣೆಯಲ್ಲೇ ಇದ್ದರು. ಇತಿಹಾಸಕಾರ ಆರ್ಥರ್ ಶ್ಲೆಸಿಂಜರ್ ಈ ದಾಳಿ ಬೇಡ ಅಂತ ಕೆನಡಿಗೆ ಟಿಪ್ಪಣಿ ಬರೆದುಕೊಟ್ಟಿದ್ದರು. ಸಭೆಯಲ್ಲಿ ಮಾತ್ರ ಒಂದೆರಡು ಅಳುಕಿನ ಪ್ರಶ್ನೆ ಕೇಳಿ ಸುಮ್ಮನಾದರು. ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಶ್ಲೆಸಿಂಜರ್‌ರನ್ನು ಪಕ್ಕಕ್ಕೆ ಕರೆದು, ಅಧ್ಯಕ್ಷರು ಮನಸ್ಸು ಮಾಡಿಯಾಗಿದೆ, ಇನ್ನು ಒತ್ತಾಯ ಮಾಡಬೇಡಿ ಅಂದರು. ಆ ಮೌನಕ್ಕಾಗಿ ಶ್ಲೆಸಿಂಜರ್ ಆಮೇಲೆ ತುಂಬ ಪಶ್ಚಾತ್ತಾಪಪಟ್ಟರು.

ಮನಶ್ಶಾಸ್ತ್ರಜ್ಞ ಇರ್ವಿಂಗ್ ಜಾನಿಸ್ 1972ರಲ್ಲಿ ಇಂಥ ತೀರ್ಮಾನಗಳನ್ನು ಪರಿಶೀಲಿಸಿ, ಇದನ್ನು ಗ್ರೂಪ್‌ಥಿಂಕ್ ಎಂದು ಕರೆದರು. ಒಗ್ಗಟ್ಟು ಕೆಡಬಾರದು ಅನ್ನುವ ಆಸೆ ಜೋರಾದಾಗ ವಿಚಾರ ಮಾಡುವುದು ನಿಂತುಹೋಗುತ್ತದೆ. ಜಾನಿಸ್ ಒಗ್ಗಟ್ಟಿಗೆ ಹೆಚ್ಚು ಒತ್ತು ಕೊಟ್ಟರು. ಆಮೇಲಿನ ಅಧ್ಯಯನಗಳಲ್ಲಿ ಅದು ಅಷ್ಟು ಗಟ್ಟಿಯಾಗಿ ನಿಂತಿಲ್ಲ. ತನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುವ ನಾಯಕನ ಪ್ರಭಾವವೇ ಹೆಚ್ಚು ಎದ್ದು ಕಾಣುತ್ತದೆ. ನಿಮ್ಮ ಮೀಟಿಂಗಿನಲ್ಲಿ ಆಗಿದ್ದೂ ಇದೇ ಅಲ್ವಾ? ನೀವು ಹೇಳಿ ಮುಗಿಸಿದ ಮೇಲೆ ‘ಅಭ್ಯಂತರ ಇದೆ’ ಅನ್ನುವುದೆಂದರೆ ಎಲ್ಲರೆದುರು ನಿಮ್ಮನ್ನು ವಿರೋಧಿಸಿದಂತೆ. ಒಬ್ಬರು ಸುಮ್ಮನಿದ್ದಾಗ ಪಕ್ಕದವರು ಅದನ್ನು ಒಪ್ಪಿಗೆ ಅಂದುಕೊಂಡರು. ಹೀಗೆ ಮೂವರೂ ‘ನನಗೊಬ್ಬನಿಗೇ ಹೀಗೆ ಅನ್ನಿಸುತ್ತಿದೆ’ ಅಂದುಕೊಂಡೇ ಎದ್ದುಹೋಗಿರುತ್ತಾರೆ.

ಇದು ಮೊದಲೇ ತಿಳಿಯುವುದು ಹೇಗೆ? ದೊಡ್ಡ ವಿಷಯ ಬೇಗ ಮುಗಿದರೆ ಎಚ್ಚರವಾಗಿ. ಎರಡನೆಯ ಆಯ್ಕೆಯ ಹೆಸರೇ ಬರದಿದ್ದರೆ ಇನ್ನೂ ಎಚ್ಚರವಾಗಿ. ಮೀಟಿಂಗ್ ಮುಗಿದ ಮೇಲೆ ಬಾಗಿಲ ಹೊರಗೆ ಇಬ್ಬರು ಮೆಲ್ಲಗೆ ಮಾತಾಡುತ್ತಾ ನಿಂತಿದ್ದರೆ, ಒಳಗೆ ಆಗಬೇಕಿದ್ದ ಮಾತು ಅಲ್ಲಿ ಆಗುತ್ತಿದೆ ಅಂತಲೇ ತಿಳಿಯಿರಿ. ‘ಅವರು ಆಗಲೇ ನಿರ್ಧಾರ ಮಾಡಿದ್ದಾರೆ, ಬಿಡಿ’ ಅಂತ ನಿಮ್ಮ ಪರವಾಗಿ ಯಾರೋ ಬಾಯಿ ಮುಚ್ಚಿಸುತ್ತಿದ್ದರೆ, ಅದು ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ನನಗೆ ಹೆಚ್ಚು ಭಯ ಇದರದ್ದೇ.

ಕೆನಡಿ ಆ ಸೋಲಿನಿಂದ ಕಲಿತರು. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡಾಗ, ಮೊದಲ ದಿನ ಅವರ ಒಲವು ವೈಮಾನಿಕ ದಾಳಿಯ ಕಡೆಗೇ ಇತ್ತು. ಆದರೆ ಕೆಲವು ಸಭೆಗಳಿಗೆ ಅವರು ಬೇಕೆಂದೇ ಹೋಗಲಿಲ್ಲ. ಸಲಹೆಗಾರರು ಎರಡು ಗುಂಪಾದರು. ದಾಳಿ ಬೇಕು ಅನ್ನುವವರು ಒಂದು ಕಡೆ, ನೌಕಾ ದಿಗ್ಬಂಧನ ಸಾಕು ಅನ್ನುವವರು ಇನ್ನೊಂದು ಕಡೆ. ತಮ್ಮ ತಮ್ಮ ವಾದ ಬರೆದು, ಹಾಳೆ ಅದಲು ಬದಲು ಮಾಡಿಕೊಂಡು, ತಪ್ಪು ಹುಡುಕಿದರು. ಕೊನೆಗೆ ಆದದ್ದು ದಿಗ್ಬಂಧನ.

ನಿಮ್ಮ ಮುಂದಿನ ಮೀಟಿಂಗಿಗೆ ನಾನು ಹೇಳುವುದು ಇಷ್ಟು. ಮಾತು ಶುರುವಾಗುವ ಮೊದಲು ಐದು ನಿಮಿಷ ಎಲ್ಲರೂ ಚೀಟಿಯಲ್ಲಿ ಬರೆಯಲಿ. ‘ಒಂದು ವರ್ಷದ ಮೇಲೆ ಇದು ಕೆಟ್ಟುಹೋಗಿದೆ ಅಂತಿಟ್ಟುಕೊಳ್ಳಿ, ಯಾಕೆ ಕೆಟ್ಟಿತು?’ ಎಂಬುದೇ ಪ್ರಶ್ನೆ. ಇಲ್ಲಿ ಯಾರೂ ನಿಮ್ಮನ್ನು ವಿರೋಧಿಸುತ್ತಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಾರೆ. ಚೀಟಿಗಳನ್ನು ಹೆಸರಿಲ್ಲದೆ ಓದಿ. ಒಂದೇ ಅನುಮಾನ ಮೂರು ಚೀಟಿಯಲ್ಲಿ ಬಂದರೆ ಆ ಮೂವರಿಗೂ ಅಲ್ಲೇ ಧೈರ್ಯ ಬರುತ್ತದೆ. ಆಮೇಲೆ ಕೆಲಸಕ್ಕೆ ಹೊಸದಾಗಿ ಸೇರಿದವರಿಂದ ಮಾತು ಶುರುಮಾಡಿಸಿ. ನಿಮ್ಮ ಅಭಿಪ್ರಾಯ ಕೊನೆಗೆ ಬರಲಿ.

ಒಬ್ಬರನ್ನು ಆರಿಸಿ ‘ಇವತ್ತು ನೀನು ವಿರೋಧ ಮಾಡು’ ಅಂತ ಹೇಳುವುದೂ ಉಂಟು. ಚಾರ್ಲನ್ ನೆಮೆತ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಪಾತ್ರ ಮಾಡುವವರ ವಿರೋಧಕ್ಕಿಂತ, ನಿಜವಾಗಿ ಒಪ್ಪದವರ ವಿರೋಧವೇ ಉಳಿದವರನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ. ನಿಮ್ಮ ತಂಡದಲ್ಲಿ ಅಂಥವರು ಮೂವರು ಇದ್ದಾರೆ. ಅವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ‘ಯಾಕೆ ಹೇಳಲಿಲ್ಲ’ ಅಂತ ಕೇಳುವ ಬದಲು ‘ಆಗ ನಿಮಗೆ ಕಂಡಿದ್ದು ಏನು?’ ಅಂತ ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ.